ಸೋರಿಕೆಯಾದರೆ ಎಷ್ಟು ಬರುತ್ತದೆ? ಒಂದು ಸಾಫ್ಟ್‌ವೇರ್ ಒಪ್ಪಂದದ ರಿಸ್ಕ್ ಕೋಷ್ಟಕ

ಉದ್ಯೋಗಿಗಳ ಸಂಬಳ ಲೆಕ್ಕ ಹಾಕುವ ಆನ್‌ಲೈನ್ ಸಾಫ್ಟ್‌ವೇರ್ ಒಂದನ್ನು ಮೂರು ವರ್ಷಕ್ಕೆ ಕೊಳ್ಳುವ ವ್ಯವಹಾರವಿದು. ಬೆಲೆ ಕುದುರಿತ್ತು, ಸಹಿಯೊಂದು ಬಾಕಿಯಿತ್ತು. ಮಾರಾಟಗಾರರ ಷರತ್ತುಗಳಲ್ಲಿರುವ ಹೊಣೆಗಾರಿಕೆಯ ಮಿತಿ, ನಷ್ಟಭರ್ತಿ, ಕ್ಲೇಮಿನ ಕಾಲಮಿತಿ ಇವನ್ನೆಲ್ಲ ಹೆಕ್ಕಿ ಒಂದು ಕೋಷ್ಟಕ ಮಾಡಿಕೊಡಬೇಕೆಂದು ಖರೀದಿ ವಿಭಾಗದ ಮ್ಯಾನೇಜರ್ ನನ್ನನ್ನು ಕೇಳಿದರು. ಒಪ್ಪಂದಗಳನ್ನು ಓದಿ ಟಿಪ್ಪಣಿ ಮಾಡುವುದೇ ನನ್ನ ಕೆಲಸ. ಅದಕ್ಕೂ ಮುಂಚೆ ಅವರ ಕೈಗೆ ಇಂಥದೇ ಇನ್ನೊಂದು ಹಾಳೆ ಬಂದಿತ್ತು. ಎಡಗಡೆ ಕಲಂ ಸಂಖ್ಯೆ, ನಡುವೆ ಸಾರಾಂಶ, ಬಲಗಡೆ ಕೆಂಪು, ಹಳದಿ, ಹಸಿರು ಬಣ್ಣ. ಅದನ್ನು ಪಕ್ಕಕ್ಕಿಟ್ಟು ಅವರು ಹೇಳಿದ್ದು ಇಷ್ಟು: "ಸರ್, ನನಗೆ ಕಲಂ ನಂಬರ್‌ನಿಂದ ಏನೂ ಗೊತ್ತಾಗಲ್ಲ. ನಮ್ಮವರ ಡೇಟಾ ಸೋರಿದರೆ ಅವರಿಂದ ಎಷ್ಟು ಬರುತ್ತೆ, ನಾವು ಎಷ್ಟು ಕೊಡಬೇಕಾಗುತ್ತೆ, ಅದನ್ನ ಹೇಳಿ."

ಈ ಪ್ರಶ್ನೆಯೇ ಕೋಷ್ಟಕದ ಆಕಾರವನ್ನು ಬದಲಿಸಿತು. ಕಲಂಗೆ ಒಂದು ಸಾಲು ಎಂಬ ಕ್ರಮ ವಕೀಲರಿಗೆ ಹಿಡಿಸುತ್ತದೆ, ಏಕೆಂದರೆ ಒಪ್ಪಂದ ಇರುವುದೇ ಹಾಗೆ. ಆದರೆ ನಷ್ಟ ಕಲಂ ಪ್ರಕಾರ ಆಗುವುದಿಲ್ಲ. ಒಂದು ಘಟನೆ ನಡೆದರೆ ನಾಲ್ಕೈದು ಕಲಂಗಳು ಒಂದರ ಮೇಲೊಂದು ಅನ್ವಯಿಸಿ, ಕೊನೆಗೆ ಒಂದು ಮೊತ್ತ ಹೊರಬರುತ್ತದೆ. ಹಾಗಾಗಿ ನಾನು ಘಟನೆಗೆ ಒಂದು ಸಾಲು ಎಂದು ಇಟ್ಟುಕೊಂಡೆ. ನಿಜವಾದ ಮೊತ್ತಗಳನ್ನು ಇಲ್ಲಿ ಬಿಟ್ಟಿದ್ದೇನೆ. ವರ್ಷದ ಚಂದಾ 100 ಎಂದು ಹಿಡಿದು, ಉಳಿದದ್ದನ್ನೆಲ್ಲ ಅದೇ ಅಳತೆಯಲ್ಲಿ ಹೇಳುತ್ತೇನೆ.

ಮೊದಲ ಕೆಲಸ, ಒಪ್ಪಂದ ಎಂದರೆ ಯಾವ್ಯಾವ ಕಾಗದ ಎಂದು ಗೊತ್ತು ಮಾಡಿಕೊಳ್ಳುವುದು. ಸಹಿಗೆ ಬಂದಿದ್ದ ಆರ್ಡರ್ ಫಾರ್ಮ್ ಎರಡೇ ಪುಟ. ಅದರ ಕೊನೆಯ ಸಾಲಿನಲ್ಲಿ ಮುಖ್ಯ ಸೇವಾ ಒಪ್ಪಂದ, ದತ್ತಾಂಶ ಸಂಸ್ಕರಣೆಯ ಅನುಬಂಧ, ಸೇವಾ ಮಟ್ಟದ ಒಪ್ಪಂದ ಅಂದರೆ ಎಸ್‌ಎಲ್‌ಎ, ಬಳಕೆಯ ನೀತಿ, ಈ ನಾಲ್ಕಕ್ಕೂ ಲಿಂಕ್ ಕೊಟ್ಟು "ಇವು ಈ ಆರ್ಡರಿನ ಭಾಗ" ಎಂದು ಬರೆದಿತ್ತು. ಹಳೆಯ ವ್ಯವಸ್ಥೆಯಿಂದ ದಾಖಲೆಗಳನ್ನು ಹೊಸದಕ್ಕೆ ಸಾಗಿಸುವ ಕೆಲಸಕ್ಕೆ, ಅಂದರೆ ಮೈಗ್ರೇಶನ್‌ಗೆ, ಬೇರೆಯೇ ಆದ ಇನ್ನೊಂದು ಆರ್ಡರ್ ಇತ್ತು. ಅದರ ಬೆಲೆ 40. ಹೀಗೆ ಒಟ್ಟು ಆರು ಕಾಗದ. ಲಿಂಕಿನಲ್ಲಿರುವುದು ನಾಳೆ ಬದಲಾಗಬಹುದು. ಆದ್ದರಿಂದ ನಾಲ್ಕನ್ನೂ ಅಂದೇ ಪಿಡಿಎಫ್ ಮಾಡಿ, ಫೈಲಿನ ಹೆಸರಿನಲ್ಲೇ ತಾರೀಕು ಸೇರಿಸಿ ಇಟ್ಟೆ. ಕೋಷ್ಟಕದ ತಲೆಬರಹದಲ್ಲೂ ಅದೇ ತಾರೀಕು ಇದೆ. ಯಾವ ಆವೃತ್ತಿಯನ್ನು ಓದಿ ಬರೆದದ್ದು ಎಂದು ಹೇಳದ ರಿಸ್ಕ್ ಕೋಷ್ಟಕವನ್ನು ಆರು ತಿಂಗಳ ನಂತರ ಯಾರೂ ಆಧಾರವಾಗಿ ಬಳಸಲಾರರು.

ಪೂರ್ತಿ ಓದುವ ಮೊದಲು ಒಂದು ಹುಡುಕಾಟ ನಡೆಸುವುದು ನನ್ನ ರೂಢಿ. ಪಿಡಿಎಫ್‌ಗಳನ್ನು `pdftotext`ನಿಂದ ಪಠ್ಯವಾಗಿ ತೆಗೆದು, ಹೀಗೆ:

```
grep -niE "liab|indemn|harmless|remed|in no event|notwithstanding|aggregate" *.txt
```

ಇದರ ಗುಣದೋಷ ಎರಡೂ ಗೊತ್ತಿರಬೇಕು. ಹೊಣೆ ಮಿತಿಯ ಪ್ಯಾರಾಗಳು ಬಹಳ ಕಡೆ ಪೂರ್ತಿ ದೊಡ್ಡಕ್ಷರಗಳಲ್ಲಿರುತ್ತವೆ. `-i` ಇದ್ದರೆ ಅವೂ ಸಿಗುತ್ತವೆ. `liab` ಎಂದು ಹುಡುಕಿದರೆ `reliable` ಸಹ ಬಂದು ಗದ್ದಲವಾಗುತ್ತದೆ, ಅದನ್ನು ಸಹಿಸಿಕೊಳ್ಳಬಹುದು. ನಿಜವಾದ ತೊಂದರೆ ಬೇರೆ. `in no event` ಎಂಬ ಮೂರು ಪದಗಳು ಎರಡು ಸಾಲಿಗೆ ಮುರಿದಿದ್ದರೆ ಈ ಆಜ್ಞೆಗೆ ಕಾಣುವುದಿಲ್ಲ. ಈ ಪಟ್ಟಿಯ ಒಂದು ಪದವೂ ಇಲ್ಲದೆ ಹೊಣೆಯನ್ನು ಮೊಟಕು ಮಾಡುವ ಸಾಲುಗಳೂ ಇರುತ್ತವೆ. ನಮ್ಮ ಒಪ್ಪಂದದಲ್ಲಿ ಕ್ಲೇಮಿನ ಕಾಲಮಿತಿ ಇದ್ದದ್ದು 14.9ರಲ್ಲಿ, "ಸಾಮಾನ್ಯ" ಎಂಬ ಶೀರ್ಷಿಕೆಯಡಿ, ನೋಟಿಸು ಕಳಿಸುವ ವಿಳಾಸಕ್ಕೂ ಒಂದು ಕಲಂ ಅಸಿಂಧುವಾದರೂ ಉಳಿದವು ಊರ್ಜಿತ ಎಂಬ ಮಾತಿಗೂ ನಡುವೆ. "ಘಟನೆ ನಡೆದು 12 ತಿಂಗಳು ಮೀರಿದ ಮೇಲೆ ಯಾವುದೇ ದಾವೆ ಹೂಡುವಂತಿಲ್ಲ" ಎಂಬ ಒಂದೇ ವಾಕ್ಯ. ಹುಡುಕಾಟಕ್ಕೆ ಸಿಗದೆ, ಓದಿದಾಗ ಸಿಕ್ಕಿತು. ಎಲ್ಲಿಂದ ಓದಲು ಶುರು ಮಾಡಬೇಕೆಂದು ಹುಡುಕಾಟ ತೋರಿಸುತ್ತದೆ. ಎಲ್ಲಿ ನಿಲ್ಲಿಸಬಹುದೆಂದು ಅದು ಹೇಳಲಾರದು.

ಹೆಕ್ಕಿದ ಪ್ರತಿ ವಾಕ್ಯವನ್ನೂ ಮೊದಲು ಒಂದು ಕಚ್ಚಾ ಹಾಳೆಗೆ ಹಾಕಿದೆ: ಯಾವ ಕಾಗದ, ಯಾವ ಕಲಂ, ಮೂಲ ವಾಕ್ಯ ಇದ್ದ ಹಾಗೆಯೇ, ಅದು ಯಾವ ಕಲಂಗೆ ಕೈ ತೋರಿಸುತ್ತದೆ. ಈ ಹಾಳೆಯಲ್ಲಿ ಸಾರಾಂಶ ಬರೆಯಬಾರದು. ಸಾರಾಂಶ ಬರೆಯುವಾಗ ಮೊದಲು ಬಿದ್ದುಹೋಗುವುದು "ಒಟ್ಟಾರೆ", "ಪಾವತಿಸಿದ", "ಆ ಆರ್ಡರಿನ ಅಡಿ" ಎಂಬಂಥ ಸಣ್ಣ ಪದಗಳು, ಮೊತ್ತವನ್ನು ತೀರ್ಮಾನಿಸುವುದೂ ಅವೇ. ಖಾಲಿ ಜಾಗದ ಬಗ್ಗೆಯೂ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಹುಡುಕಿಯೂ ಸಿಗದಿದ್ದರೆ "ಓದಿದೆ, ಉಲ್ಲೇಖವಿಲ್ಲ" ಎಂದು ಬರೆಯುತ್ತೇನೆ, ಇನ್ನೂ ನೋಡಿಲ್ಲದಿದ್ದರೆ "ಬಾಕಿ" ಎಂದು. ಬರೀ ಖಾಲಿ ಬಿಟ್ಟರೆ ಓದುವವರು ತಮಗೆ ಅನುಕೂಲವಾದ ಅರ್ಥ ಮಾಡಿಕೊಳ್ಳುತ್ತಾರೆ.

ಈಗ ಮುಖ್ಯ ಮಿತಿಗೆ ಬರೋಣ. 11.2ರ ತಿರುಳು ಹೀಗಿತ್ತು: "ಒಪ್ಪಂದದ ಇಡೀ ಅವಧಿಗೆ ಒಟ್ಟಾರೆ ಹೊಣೆ, ಕ್ಲೇಮಿಗೆ ಕಾರಣವಾದ ಘಟನೆಯ ಹಿಂದಿನ 12 ತಿಂಗಳಲ್ಲಿ, ಆ ಕ್ಲೇಮಿಗೆ ಸಂಬಂಧಿಸಿದ ಆರ್ಡರಿನ ಅಡಿ ಗ್ರಾಹಕರು ಪಾವತಿಸಿದ ಶುಲ್ಕವನ್ನು ಮೀರುವುದಿಲ್ಲ." ಮೊದಲಿನ ಹಾಳೆಯಲ್ಲಿ ಇದಕ್ಕೆ "ಮಿತಿ: 12 ತಿಂಗಳ ಶುಲ್ಕ, ಹಳದಿ" ಎಂದಿತ್ತು. ಅದನ್ನು ನೋಡಿದ ಯಾರಿಗೂ ಮಿತಿ 100 ಎಂದೇ ಅನ್ನಿಸುತ್ತದೆ.

ವಾಸ್ತವ ಬೇರೆ. ಚಂದಾ ಮೂರು ತಿಂಗಳಿಗೊಮ್ಮೆ ಮುಂಗಡ, ಪ್ರತಿ ಬಿಲ್ಲು 25. ಬಿಲ್ಲು ಬಂದು 45 ದಿನಕ್ಕೆ ಪಾವತಿ. ಈ 45 ದಿನಗಳ ಸಾಲಾವಧಿಯನ್ನು ನಮ್ಮ ಮ್ಯಾನೇಜರೇ ಗಟ್ಟಿಯಾಗಿ ಚೌಕಾಸಿ ಮಾಡಿ ಪಡೆದಿದ್ದರು. ಮೊದಲ ಬಿಲ್ಲು ಮೊದಲ ತಿಂಗಳ ಆರಂಭಕ್ಕೆ, ಹಣ ಹೋಗುವುದು ಎರಡನೇ ತಿಂಗಳ ನಡುವಿಗೆ. ಎರಡನೇ ಬಿಲ್ಲು ನಾಲ್ಕನೇ ತಿಂಗಳ ಆರಂಭಕ್ಕೆ, ಹಣ ಐದನೇ ತಿಂಗಳ ನಡುವಿಗೆ. ಹೊಸ ವ್ಯವಸ್ಥೆಯಲ್ಲಿ ಮೊದಲ ಸಂಬಳ ಆಗುವುದು ನಾಲ್ಕನೇ ತಿಂಗಳ ಕೊನೆಯಲ್ಲಿ. ಆ ದಿನ ಏನಾದರೂ ಎಡವಟ್ಟಾದರೆ ಹಿಂದಿನ 12 ತಿಂಗಳಲ್ಲಿ ನಾವು "ಪಾವತಿಸಿದ್ದು" 25 ಮಾತ್ರ. ಹೊಸ ವ್ಯವಸ್ಥೆ ಕೈಕೊಡುವ ಸಾಧ್ಯತೆ ಅತಿ ಹೆಚ್ಚಿರುವ ಗಳಿಗೆಯಲ್ಲೇ ಮಿತಿ ಅತಿ ಕಡಿಮೆ. ಎರಡನೇ ವರ್ಷದಿಂದ ಅದು 100ಕ್ಕೆ ಬಂದು ನಿಲ್ಲುತ್ತದೆ. "ಪಾವತಿಸಿದ" ಎಂಬಲ್ಲಿ "ಪಾವತಿಸಿದ ಅಥವಾ ಪಾವತಿಸಬೇಕಾದ" ಎಂದಾಗಿದ್ದರೆ ಆ ದಿನವೇ 50 ಆಗುತ್ತಿತ್ತು.

"ಆ ಆರ್ಡರಿನ ಅಡಿ" ಎಂಬ ಮಾತು ಇನ್ನೊಂದು ಕಡೆಯಿಂದ ಕತ್ತರಿಸುತ್ತದೆ. ಮೈಗ್ರೇಶನ್ ಬೇರೆ ಆರ್ಡರ್, ಬೆಲೆ 40, ಅರ್ಧ ಸಹಿಯಾದಾಗ, ಇನ್ನರ್ಧ ಕೆಲಸ ಒಪ್ಪಿಕೊಂಡ ಮೇಲೆ. ಸಾಗಿಸುವಾಗ ಹಳೆಯ ಸಂಬಳದ ದಾಖಲೆಗಳು ಕೆಟ್ಟರೆ, ಕ್ಲೇಮು ಆ ಆರ್ಡರಿಗೆ ಸೇರುತ್ತದೆ. ಅಷ್ಟರಲ್ಲಿ ಕೊಟ್ಟದ್ದು 20. ಮಿತಿ 20. ಇನ್ನು "ಇಡೀ ಅವಧಿಗೆ ಒಟ್ಟಾರೆ" ಎಂದರೆ ಒಮ್ಮೆ ಪರಿಹಾರ ಪಡೆದರೆ ಆ ಮೊತ್ತ ಮಿತಿಯಿಂದ ಕಳೆದುಹೋಗುತ್ತದೆ, ಮರುವರ್ಷ ಅದು ಮತ್ತೆ ತುಂಬುವುದಿಲ್ಲ.

ಮಿತಿಯ ಹಿಂದೆ ಇನ್ನೊಂದು ಬಾಗಿಲು ಇದೆ, ಅದನ್ನು ಬಹಳ ಜನ ಮಿತಿಯ ಜೊತೆ ಬೆರೆಸಿ ಓದುತ್ತಾರೆ. 11.1 ಎಷ್ಟು ಎಂಬುದನ್ನು ಹೇಳುವುದಿಲ್ಲ, ಯಾವ ಬಗೆಯ ನಷ್ಟ ಎಂಬುದನ್ನು ಹೇಳುತ್ತದೆ. ಪರೋಕ್ಷ ಹಾಗೂ ಪರಿಣಾಮಜನ್ಯ ನಷ್ಟ, ಆದಾಯ ನಷ್ಟ, ದತ್ತಾಂಶ ನಷ್ಟ, ಬದಲಿ ಸೇವೆಯ ವೆಚ್ಚ, ಇವು "ನೇರವಾಗಿದ್ದರೂ ಪರೋಕ್ಷವಾಗಿದ್ದರೂ" ಸಿಗುವುದಿಲ್ಲ. ಕೊನೆಯ ಆ ಎರಡು ಪದಗಳಿಂದಾಗಿ ದತ್ತಾಂಶ ಮರಳಿ ಕಟ್ಟುವ ಖರ್ಚು ನಮ್ಮ ನೇರ ನಷ್ಟವೇ ಆಗಿದ್ದರೂ ಸಿಗುವುದಿಲ್ಲ. 11.3 ಕೆಲವು ವಿನಾಯಿತಿ ಕೊಡುತ್ತದೆ: ಗೋಪ್ಯತೆಯ ಉಲ್ಲಂಘನೆ, 10ನೇ ವಿಭಾಗದ ನಷ್ಟಭರ್ತಿ, ಗ್ರಾಹಕರು ಕೊಡಬೇಕಾದ ಶುಲ್ಕ. ಆದರೆ ಅದರ ಆರಂಭದ ಮಾತು "11.2ರ ಮಿತಿ ಇವುಗಳಿಗೆ ಅನ್ವಯಿಸದು" ಎಂದಷ್ಟೇ. 11.1ರ ಹೆಸರಿಲ್ಲ. ಅಂದರೆ ಗೋಪ್ಯತೆ ಮುರಿದರೆ ಮೊತ್ತಕ್ಕೆ ಮಿತಿಯಿಲ್ಲ, ಆದರೆ ಹೊರಗಿಟ್ಟ ಬಗೆಯ ನಷ್ಟ ಆಗಲೂ ಹೊರಗೇ ಉಳಿಯುತ್ತದೆ. ವಿನಾಯಿತಿ ಎಂದು ಕಂಡಾಗಲೆಲ್ಲ ಅದು ಯಾವ ಕಲಂಗೆ ವಿನಾಯಿತಿ ಎಂದು ನೋಡಿ ಸಂಖ್ಯೆ ಸಮೇತ ಬರೆಯಬೇಕು. "ಮಿತಿರಹಿತ" ಎಂಬ ಒಂದು ಪದದಲ್ಲಿ ಇದು ಕಾಣುವುದಿಲ್ಲ.

ಮ್ಯಾನೇಜರ್ ಕೇಳಿದ್ದ ದತ್ತಾಂಶ ಸೋರಿಕೆಯ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನಡೆದು ನೋಡಿದೆ. ಉದ್ಯೋಗಿಗಳ ಬ್ಯಾಂಕ್ ಖಾತೆ, ಸಂಬಳ, ವಿಳಾಸ ಸೋರಿತು ಎಂದಿಟ್ಟುಕೊಳ್ಳಿ. ಇದು ಗೋಪ್ಯತೆಯ ಉಲ್ಲಂಘನೆ, ಆದ್ದರಿಂದ ಮಿತಿ ಇಲ್ಲ ಎಂಬುದು ಸಹಜವಾದ ಮೊದಲ ಊಹೆ. ಮಾರಾಟ ಪ್ರತಿನಿಧಿಯೂ ಮಾತಿನಲ್ಲಿ ಹಾಗೆಯೇ ಹೇಳಿದ್ದರು. ಆದರೆ ಗೋಪ್ಯ ಮಾಹಿತಿ ಎಂದರೇನು ಎಂದು 8.1 ವ್ಯಾಖ್ಯಾನಿಸುತ್ತದೆ, ಅದರ ಕೊನೆಯಲ್ಲಿ "ಗ್ರಾಹಕರ ದತ್ತಾಂಶ ಇದರಲ್ಲಿ ಸೇರಿಲ್ಲ, ಅದಕ್ಕೆ ದತ್ತಾಂಶ ಅನುಬಂಧ ಮಾತ್ರ ಅನ್ವಯ" ಎಂದಿದೆ. ಊಹೆ ಅಲ್ಲಿಗೆ ಮುಗಿಯಿತು. ಅನುಬಂಧಕ್ಕೆ ಹೋದರೆ ಅದರ 9ನೇ ಕಲಂ: ಹೊಣೆ ವಾರ್ಷಿಕ ಶುಲ್ಕದ ಎರಡು ಪಟ್ಟು ಮೀರದು, "ಮತ್ತು ಇದು ಎಲ್ಲ ರೀತಿಯಲ್ಲೂ ಮುಖ್ಯ ಒಪ್ಪಂದದ 11ನೇ ವಿಭಾಗಕ್ಕೆ ಒಳಪಟ್ಟಿದೆ". ಕಾಗದಗಳ ನಡುವೆ ಭಿನ್ನತೆ ಬಂದರೆ ಯಾವುದು ಮೇಲು ಎಂದು ಹೇಳುವ 14.6ರಲ್ಲಿ ಕ್ರಮ ಹೀಗೆ: ಆರ್ಡರ್, ಮುಖ್ಯ ಒಪ್ಪಂದ, ಆಮೇಲೆ ಅನುಬಂಧಗಳು.

ಹಾಗಾದರೆ ಎಷ್ಟು? ಎರಡು ಪಟ್ಟು ಎಂದು ಸ್ಪಷ್ಟವಾಗಿ ಬರೆದಿದ್ದಾರೆ, ಅದಕ್ಕೆ ಅರ್ಥ ಇರಲೇಬೇಕು ಎಂದು ವಾದಿಸಿದರೆ 200. ಒಳಪಟ್ಟಿದೆ ಎಂದಮೇಲೆ 11.2ರ ಮಿತಿಯೇ ಗೆಲ್ಲುತ್ತದೆ ಎಂದರೆ, ನಾಲ್ಕನೇ ತಿಂಗಳಲ್ಲಿ 25. ಇದನ್ನು ತೀರ್ಮಾನಿಸುವುದು ಕೋಷ್ಟಕದ ಕೆಲಸವಲ್ಲ. ಎರಡೂ ಅಂಕಿಗಳನ್ನು ಬರೆದು, ಲೆಕ್ಕಕ್ಕೆ ಕಡಿಮೆಯದನ್ನು ಹಿಡಿದು, "ವಕೀಲರ ಅಭಿಪ್ರಾಯ ಬೇಕು" ಎಂದು ಗುರುತು ಹಾಕಿದೆ. ಮೊದಲಿನ ಹಾಳೆಯಲ್ಲಿ ಇದೇ ಜಾಗದಲ್ಲಿ "ಎರಡು ಪಟ್ಟು, ಹಸಿರು" ಎಂದಿತ್ತು, ಏಕೆಂದರೆ ಅನುಬಂಧವನ್ನು ಅನುಬಂಧವಾಗಿಯಷ್ಟೇ ಓದಲಾಗಿತ್ತು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು 10.3. ನಷ್ಟಭರ್ತಿಯ ಕಲಂ ಕಂಡರೆ ನಾವು ಮಾರಾಟಗಾರರು ನಮಗೆ ಏನು ಕೊಡುತ್ತಾರೆ ಎಂದು ಓದುತ್ತೇವೆ. 10.1ರಲ್ಲಿ ಅದು ಚೆನ್ನಾಗಿಯೇ ಇತ್ತು: ಸಾಫ್ಟ್‌ವೇರ್ ತಮ್ಮ ಕಾಪಿರೈಟ್ ಅಥವಾ ಪೇಟೆಂಟ್ ಮುರಿದಿದೆ ಎಂದು ಮೂರನೆಯವರು ದಾವೆ ಹೂಡಿದರೆ ಮಾರಾಟಗಾರರೇ ವಾದಿಸುತ್ತಾರೆ, ನ್ಯಾಯಾಲಯ ಅಂತಿಮವಾಗಿ ವಿಧಿಸಿದ ಮೊತ್ತ ಕೊಡುತ್ತಾರೆ. 10.3 ನಮ್ಮ ಮೇಲಿನ ಹೊರೆ: "ಗ್ರಾಹಕರ ದತ್ತಾಂಶಕ್ಕೆ ಸಂಬಂಧಿಸಿದ ಮೂರನೆಯವರ ಯಾವುದೇ ಕ್ಲೇಮಿನಿಂದ ಸೇವಾದಾರರಿಗೆ ಆಗುವ ನಷ್ಟವನ್ನು ಗ್ರಾಹಕರು ತುಂಬಿಕೊಡಬೇಕು." ಅವರ ತಪ್ಪಿನಿಂದ ಆದದ್ದನ್ನು ಬಿಟ್ಟು ಎಂಬ ಮಾತು ಎಲ್ಲೂ ಇಲ್ಲ. ಈಗ ಸೋರಿಕೆಗೆ ಹಿಂತಿರುಗಿ ಓದಿ. ಅವರ ಸರ್ವರಿನಿಂದ ದತ್ತಾಂಶ ಸೋರುತ್ತದೆ, ನೊಂದ ಉದ್ಯೋಗಿಗಳು ಅವರ ಮೇಲೆ ದಾವೆ ಹೂಡುತ್ತಾರೆ. ಉದ್ಯೋಗಿಗಳು ಈ ಒಪ್ಪಂದದ ಮಟ್ಟಿಗೆ ಮೂರನೆಯವರು, ಕ್ಲೇಮು ಗ್ರಾಹಕರ ದತ್ತಾಂಶಕ್ಕೆ ಸಂಬಂಧಿಸಿದ್ದು. ಅಕ್ಷರಶಃ ಓದಿದರೆ ಆ ಬಿಲ್ಲು ನಮ್ಮ ಕಡೆ ಬರುತ್ತದೆ. 11.3 ನಷ್ಟಭರ್ತಿಯನ್ನು ಮಿತಿಯಿಂದ ಹೊರಗಿಟ್ಟಿರುವುದರಿಂದ ಆ ಬಿಲ್ಲಿಗೆ ಮೇಲ್ಮಿತಿಯೂ ಇಲ್ಲ. ಒಂದೇ ಘಟನೆಗೆ ನಮಗೆ ಬರುವುದು ಗರಿಷ್ಠ 25 ಇರಬಹುದು, ನಾವು ಕೊಡಬೇಕಾದದ್ದಕ್ಕೆ ಲೆಕ್ಕವೇ ಇಲ್ಲ. ಕಲಂಗೆ ಒಂದು ಸಾಲು ಬರೆದ ಕೋಷ್ಟಕದಲ್ಲಿ ಇದು ಎಂದೂ ಕಾಣುತ್ತಿರಲಿಲ್ಲ. 10.3 ಒಂದು ಸಾಲಿನಲ್ಲಿ, 11.3 ಇನ್ನೊಂದರಲ್ಲಿ, ಸೋರಿಕೆ ಮತ್ತೊಂದರಲ್ಲಿ ಇರುತ್ತಿದ್ದವು.

ಎಸ್‌ಎಲ್‌ಎ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೇವೆ ನಿಂತರೆ ಆ ತಿಂಗಳ ಶುಲ್ಕದ ಗರಿಷ್ಠ 10% ಸರ್ವಿಸ್ ಕ್ರೆಡಿಟ್, ಅಂದರೆ ಬಿಲ್ಲಿನಲ್ಲಿ ಕಡಿತ, ಅದೇ "ಏಕೈಕ ಪರಿಹಾರ", 30 ದಿನದೊಳಗೆ ಬರೆದು ಕೇಳಬೇಕು. ತಿಂಗಳ ಶುಲ್ಕ ಸುಮಾರು 8.3, ಅದರ 10% ಎಂದರೆ 1ಕ್ಕಿಂತ ಕಡಿಮೆ. ಏಕೈಕ ಪರಿಹಾರ ಎಂದಿರುವ ಕಡೆ 11.2ರ ಮಿತಿಯವರೆಗೆ ಹೋಗುವ ದಾರಿಯೇ ಮುಚ್ಚಿರುತ್ತದೆ.

ಎದುರಿನ ಅಂಕಿ, ಅಂದರೆ ಆದರೆ ಎಷ್ಟು ನಷ್ಟ ಎಂಬುದನ್ನು ನಾನು ಬರೆಯಲಿಲ್ಲ. ಅದನ್ನು ಮಾನವ ಸಂಪನ್ಮೂಲ ಮತ್ತು ಹಣಕಾಸು ವಿಭಾಗದವರೇ ಅಂದಾಜಿಸಿ ಕೊಟ್ಟರು. ಸೋರಿಕೆಯಾದರೆ ತನಿಖೆ, ಉದ್ಯೋಗಿಗಳಿಗೆ ಸೂಚನೆ, ಸಹಾಯವಾಣಿ, ಕಾನೂನು ಖರ್ಚು ಸೇರಿ 300 ಎಂದರು. ಒಪ್ಪಂದ ಏನನ್ನುತ್ತದೆ ಎಂಬುದು ಓದಿದವರ ಹೊಣೆ, ನಷ್ಟ ಎಷ್ಟು ಎಂಬುದು ಅದನ್ನು ಅನುಭವಿಸುವವರ ಹೊಣೆ. ಈ ಎರಡನ್ನೂ ಒಬ್ಬರೇ ತುಂಬಿದರೆ ಬಣ್ಣ ಮೊದಲೇ ತೀರ್ಮಾನವಾಗಿ, ಅಂಕಿ ಆಮೇಲೆ ಅದಕ್ಕೆ ಹೊಂದಿಕೊಳ್ಳುತ್ತದೆ.

ಮ್ಯಾನೇಜರಿಗೆ ಕೊಟ್ಟ ಪುಟ ಇದು. ಮೂಲ ವಾಕ್ಯಗಳ ಕಚ್ಚಾ ಹಾಳೆ ಇದರ ಹಿಂದೆ ಲಗತ್ತಾಗಿತ್ತು.

| ಏನಾದರೆ | ಯಾವ ದಾರಿ | ನಮಗೆ ಗರಿಷ್ಠ | ನಷ್ಟದ ಅಂದಾಜು | ನಾವು ಕೊಡಬೇಕಾದದ್ದು |
|---|---|---|---|---|
| ಮೈಗ್ರೇಶನ್‌ನಲ್ಲಿ ದಾಖಲೆ ಕೆಟ್ಟರೆ | 11.1, 11.2, ಮೈಗ್ರೇಶನ್ ಆರ್ಡರ್ | 20. ದತ್ತಾಂಶ ನಷ್ಟ ಹೊರಗೆ | 60 | ಇಲ್ಲ |
| ಸಂಬಳದ ದಿನ ಸೇವೆ ನಿಂತರೆ | ಎಸ್‌ಎಲ್‌ಎ, ಏಕೈಕ ಪರಿಹಾರ | 1ಕ್ಕಿಂತ ಕಡಿಮೆ | 15 | ಇಲ್ಲ |
| ನಾಲ್ಕನೇ ತಿಂಗಳಲ್ಲಿ ದತ್ತಾಂಶ ಸೋರಿದರೆ | 8.1, ಅನುಬಂಧ 9, 14.6, 11.1, 11.2, 10.3, 11.3 | 25 ಅಥವಾ 200. ವಕೀಲರ ಅಭಿಪ್ರಾಯ ಬೇಕು | 300 | ಮಿತಿಯಿಲ್ಲ |
| ಕಾಪಿರೈಟ್, ಪೇಟೆಂಟ್ ದಾವೆ ಬಂದರೆ | 10.1, 11.3 | ಮಿತಿಯಿಲ್ಲ. ನಾವು ಬೇರೆ ಸಾಫ್ಟ್‌ವೇರ್ ಜೋಡಿಸಿದ್ದರೆ ಏನೂ ಸಿಗದು | ಅಂದಾಜಿಸಿಲ್ಲ | ಇಲ್ಲ |

ಕಾಲಮಿತಿಯನ್ನು ಸಾಲಾಗಿ ಹಾಕದೆ ಎಲ್ಲ ಸಾಲುಗಳ ಕೆಳಗೆ ಒಂದು ಟಿಪ್ಪಣಿಯಾಗಿ ಬರೆದೆ, ಏಕೆಂದರೆ ಅದು ಎಲ್ಲಕ್ಕೂ ಅನ್ವಯ. 12 ತಿಂಗಳು ಎಣಿಸುವುದು ಘಟನೆಯ ದಿನದಿಂದ, ನಮಗೆ ತಿಳಿದ ದಿನದಿಂದಲ್ಲ. ಸೋರಿಕೆಗಳು ತಡವಾಗಿ ಬಯಲಾಗುವುದು ಮಾಮೂಲು. ಹದಿಮೂರನೇ ತಿಂಗಳಲ್ಲಿ ಗೊತ್ತಾದರೆ ಮೇಲಿನ ಮೂರನೇ ಕಂಬದ ಎಲ್ಲ ಅಂಕಿಯೂ ಸೊನ್ನೆ. ಕಾನೂನು ಕೊಡುವ ಅವಧಿಯನ್ನು ಒಪ್ಪಂದದಿಂದ ಹೀಗೆ ಮೊಟಕು ಮಾಡಬಹುದೇ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಹಾಗಾಗಿ ಅನ್ವಯವಾಗುವ ಕಾನೂನು ಯಾವುದೆಂದು ಹೇಳುವ ಕಲಂ ಸಂಖ್ಯೆಯನ್ನೂ ಟಿಪ್ಪಣಿಯಲ್ಲಿ ಸೇರಿಸಿ ವಕೀಲರಿಗೆ ಬಿಟ್ಟೆ.

ಪುಟ ನೋಡಿದ ಮ್ಯಾನೇಜರ್ ಮೂರನೇ ಸಾಲಿನ ಕೊನೆಯ ಕಂಬದ ಮೇಲೆ ಬೆರಳಿಟ್ಟು, "ಇದು ಹೀಗೇ ಇದ್ದರೆ ಸಹಿ ಆಗಲ್ಲ" ಎಂದರು. ಅಂದೇ ನಾಲ್ಕು ಬದಲಾವಣೆಗಳನ್ನು ಅವರಿಗಿದ್ದ ತೂಕದ ಕ್ರಮದಲ್ಲಿ ಬರೆದು ಕಳಿಸಿದೆವು. 10.3ಕ್ಕೆ "ಸೇವಾದಾರರ ಉಲ್ಲಂಘನೆಯಿಂದ ಉಂಟಾದಷ್ಟರ ಮಟ್ಟಿಗೆ ಹೊರತು" ಎಂಬ ಮಾತು ಸೇರಿಸುವುದು. ಅನುಬಂಧದ 9ರಲ್ಲಿ "ಒಳಪಟ್ಟಿದೆ" ಎಂಬುದನ್ನು ತೆಗೆದು, ಎರಡು ಪಟ್ಟು ಮಿತಿ 11.2ಕ್ಕೆ ಪ್ರತ್ಯೇಕ ಎಂದು ಬರೆಯುವುದು, ಜೊತೆಗೆ ತನಿಖೆ, ಸೂಚನೆ, ದತ್ತಾಂಶ ಮರುಸ್ಥಾಪನೆಯ ಖರ್ಚು 11.1ರಲ್ಲಿ ಏನಿದ್ದರೂ ನೇರ ನಷ್ಟವೆಂದೇ ಪರಿಗಣಿತ ಎಂದು ಸೇರಿಸುವುದು. 11.2ರಲ್ಲಿ "ಪಾವತಿಸಿದ ಅಥವಾ ಪಾವತಿಸಬೇಕಾದ ಶುಲ್ಕ, ಅಥವಾ 100, ಇವುಗಳಲ್ಲಿ ಹೆಚ್ಚಿನದು". ಕಾಲಮಿತಿ ತಿಳಿದ ದಿನದಿಂದ.

ಮಿತಿಯನ್ನು ಹತ್ತು ಪಟ್ಟು ಮಾಡಿ, ಅಥವಾ ತೆಗೆದೇಬಿಡಿ ಎಂದು ಕೇಳುವುದು ಖರೀದಿಯವರ ಹಳೆಯ ಅಭ್ಯಾಸ. ಅದಕ್ಕೆ ಎದುರಿನಿಂದ ಒಂದೇ ಉತ್ತರ ಬರುತ್ತದೆ, ಸಾಧ್ಯವಿಲ್ಲ. ಇಲ್ಲಿ ಕೇಳಿದ್ದೆಲ್ಲ ಒಂದು ನಿರ್ದಿಷ್ಟ ಪದದ ಬದಲಾವಣೆ, ಅದರ ಪಕ್ಕದಲ್ಲಿ ಆ ಪದದಿಂದ ಹೊರಬೀಳುವ ಅಂಕಿ. 10.3ರ ಬದಲಾವಣೆಯನ್ನು ಮಾರಾಟಗಾರರ ವಕೀಲರು ಮೊದಲ ಕರೆಯಲ್ಲೇ ಒಪ್ಪಿದರು. ತಮ್ಮ ತಪ್ಪಿಗೆ ಗ್ರಾಹಕರು ಹಣ ಕೊಡಬೇಕೆಂದು ಬಾಯಿಬಿಟ್ಟು ವಾದಿಸುವುದು ಯಾರಿಗೂ ಕಷ್ಟ. ಎರಡು ಪಟ್ಟು ಮಿತಿ ಪ್ರತ್ಯೇಕವಾಯಿತು, ನೇರ ನಷ್ಟದ ಪಟ್ಟಿ ಸೇರಿತು, 100ರ ತಳಮಟ್ಟವೂ ಸಿಕ್ಕಿತು. ಕಾಲಮಿತಿಯಲ್ಲಿ ತಿಳಿದ ದಿನ ಎಂಬುದನ್ನು ಒಪ್ಪಲಿಲ್ಲ, ಘಟನೆಯಿಂದ 24 ತಿಂಗಳು ಎಂದು ಹೆಚ್ಚಿಸಿದರು. ಎಸ್‌ಎಲ್‌ಎ ವಿಷಯವನ್ನು ನಾವು ಕೇಳಲೇ ಇಲ್ಲ. ಅಲ್ಲಿ ಏನು ಪಡೆದರೂ 15ರ ನಷ್ಟದ ಹತ್ತಿರ ಬರುತ್ತಿರಲಿಲ್ಲ.

ಸೋರಿಕೆಯ ಸಾಲಿನಲ್ಲಿ ಈಗ ನಮಗೆ 200, ನಷ್ಟ 300, ನಡುವೆ 100ರ ಅಂತರ. ನಮ್ಮದೇ ಸೈಬರ್ ವಿಮೆ ಆ ಅಂತರವನ್ನು ತುಂಬುತ್ತದೆಯೇ ಎಂದು ಹಣಕಾಸು ವಿಭಾಗ ಪಾಲಿಸಿ ತೆಗೆದು ನೋಡುತ್ತಿದೆ. ಮೈಗ್ರೇಶನ್ ಸಾಲಿಗೆ ಒಪ್ಪಂದದಲ್ಲಿ ಹೊಸ ತಳಮಟ್ಟ ಬಂದರೂ ದತ್ತಾಂಶ ನಷ್ಟ ಇನ್ನೂ 11.1ರಲ್ಲಿ ಹೊರಗೇ ಇದೆ. ಅದಕ್ಕೆ ಹಳೆಯ ವ್ಯವಸ್ಥೆಯನ್ನು ಓದಲು ಮಾತ್ರ ಬರುವಂತೆ ಇನ್ನೂ ಆರು ತಿಂಗಳು ಉಳಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಸಂಬಳದ ದಿನಕ್ಕೆ ಮಾನವ ಸಂಪನ್ಮೂಲದವರು ಹಿಂದಿನ ತಿಂಗಳ ಬ್ಯಾಂಕ್ ಪಾವತಿ ಫೈಲನ್ನು ತಮ್ಮ ಬಳಿ ಇಟ್ಟುಕೊಳ್ಳುತ್ತಾರೆ, ಸೇವೆ ನಿಂತರೆ ಅದೇ ಮೊತ್ತವನ್ನು ತಾತ್ಕಾಲಿಕವಾಗಿ ಕಳಿಸಿ ಮುಂದಿನ ತಿಂಗಳು ಸರಿದೂಗಿಸುತ್ತಾರೆ. ಆ ಎರಡು ಸಾಲುಗಳ ಕೊನೆಗೆ ಒಪ್ಪಂದದ ಕಲಂ ಬದಲು ಈ ಕೆಲಸಗಳ ಹೆಸರು, ಅವನ್ನು ನೋಡಿಕೊಳ್ಳುವವರ ಹುದ್ದೆ ಬರೆದು ಪುಟವನ್ನು ಸಹಿಯಾದ ಒಪ್ಪಂದದ ಜೊತೆ ಫೈಲಿಗೆ ಸೇರಿಸಿದೆವು.